ಯಾರ ಕಡೆಯವರು ನೀವು?

ನಮ್ಮಲ್ಲಿ ಯಾವ ಬಾಗಿಲ ಮುಂದೆ ಹೋಗಿ ನಿಂತರೂ ಮೊದಲು ಕೇಳುವುದು 'ಏನು ಕೆಲಸ' ಅಂತಲ್ಲ, 'ಯಾರ ಕಡೆಯವರು' ಅಂತ. ಸಾಹೇಬರ ಕಡೆಯವರು ಎಂದರೆ ಮುಗಿಯಿತು. ಕೈಯಲ್ಲಿ ಕಾಗದ ಇದೆಯೋ ಇಲ್ಲವೋ, ಬಂದದ್ದು ಒಂದು ಸಹಿಗೋ ಇಡೀ ಬೀರುವನ್ನೇ ಹೊತ್ತೊಯ್ಯುವುದಕ್ಕೋ, ವಿಚಾರಣೆ ಅಲ್ಲಿಗೇ ನಿಂತಿತು. ಈ ಪದ್ಧತಿ ನಮ್ಮ ಸ್ವಂತ ಸೊತ್ತು ಎಂದು ಹೆಮ್ಮೆಪಡುವವರಿಗೆ ಒಂದು ನಿರಾಸೆಯ ಸುದ್ದಿಯಿದೆ. ಕಂಪ್ಯೂಟರುಗಳು ಐವತ್ತು ವರ್ಷಗಳಿಂದ ಇದನ್ನೇ ಮಾಡುತ್ತಿವೆ, ಅದೂ ಸೆಕೆಂಡಿಗೆ ಸಾವಿರಾರು ಸಲ, ಟೀ ಕುಡಿಯಲು ಕೂಡ ಏಳದೆ.

ನೀವು ಲಿನಕ್ಸ್ ಮುಂದೆ ಕೂತು ಒಂದು ಇಸ್ಪೀಟಿನ ಆಟ ತೆರೆಯುತ್ತೀರಿ ಎನ್ನಿ. ಆ ಆಟ ಯಾವುದೋ ಫೈಲನ್ನು ಕೇಳುತ್ತದೆ. ಕರ್ನಲ್ ಎಂಬ ಜವಾನ ಫೈಲಿನ ಬೆನ್ನಿಗೆ ಅಂಟಿಸಿದ ಪಟ್ಟಿಯನ್ನು ನೋಡುತ್ತಾನೆ: ಮಾಲೀಕನಿಗೆ ಓದಲು ಬರೆಯಲು ಅನುಮತಿ ಇದೆ, ಗುಂಪಿನವರಿಗೆ ಓದಲು ಮಾತ್ರ, ಉಳಿದವರಿಗೆ ಇಲ್ಲ. ಇದು ಆಕ್ಸೆಸ್ ಕಂಟ್ರೋಲ್ ಲಿಸ್ಟಿನ ಸರಳ ರೂಪ. ಆಮೇಲೆ ಆತ ಆಟವನ್ನು ಕೇಳುತ್ತಾನೆ, ಯಾರ ಕಡೆಯವರು? 'ಯಜಮಾನರ ಕಡೆಯವನು' ಎನ್ನುತ್ತದೆ ಆಟ. ಸುಳ್ಳೇನಲ್ಲ, ನೀವೇ ತೆರೆದದ್ದು. ಬಾಗಿಲು ತೆರೆಯುತ್ತದೆ. ಇಸ್ಪೀಟಿನ ಎಲೆ ಹಂಚಲು ಬಂದ ಪ್ರೋಗ್ರಾಮಿಗೆ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟು, ಮಗಳ ಮದುವೆಯ ಫೋಟೋ, ಬೇರೆ ಸರ್ವರುಗಳಿಗೆ ಹೋಗುವ `~/.ssh` ಕೀಲಿಗಳು ಎಲ್ಲವೂ ಕೈಗೆಟಕುತ್ತವೆ. ಅದು ಅವನ್ನು ಮುಟ್ಟದೆ ಇರುವುದು ಅದರ ಸಜ್ಜನಿಕೆ. ಆ ಸಜ್ಜನಿಕೆಯನ್ನು ನಾವು ಕಂಪ್ಯೂಟರ್ ಸೆಕ್ಯುರಿಟಿ ಎಂದು ಕರೆದುಕೊಂಡು ನಿದ್ದೆ ಹೋಗುತ್ತೇವೆ.

ಬೇರೆ ದಾರಿ ಇರಲಿಲ್ಲವೇ ಎಂದರೆ, ಇತ್ತು. 1966ರಲ್ಲೇ ಡೆನಿಸ್ ಮತ್ತು ವ್ಯಾನ್ ಹಾರ್ನ್ ಎಂಬಿಬ್ಬರು ಕೇಪಬಿಲಿಟಿ ಎಂಬ ಕಲ್ಪನೆಯನ್ನು ಬರೆದಿಟ್ಟರು. ಅಲ್ಲಿ ಜವಾನ ಕೇಳುವ ಪ್ರಶ್ನೆಯೇ ಬೇರೆ: ಕೈಯಲ್ಲಿ ಏನಿದೆ ತೋರಿಸಿ. ಇಂಥ ಫೈಲು, ಅದನ್ನು ಓದಬಹುದು ಎಂಬ ನಕಲಿ ಮಾಡಲಾಗದ ಚೀಟಿ ಕೈಯಲ್ಲಿದ್ದರೆ ಒಳಗೆ. ಇಲ್ಲದಿದ್ದರೆ ನೀವು ಸಾಕ್ಷಾತ್ ಸಾಹೇಬರಾದರೂ ಹೊರಗೆ. 1971ರಲ್ಲಿ ಬಟ್ಲರ್ ಲ್ಯಾಂಪ್ಸನ್ ಎರಡನ್ನೂ ಒಂದೇ ಕೋಷ್ಟಕದಲ್ಲಿ ತೋರಿಸಿದರು. ಅಡ್ಡ ಸಾಲಿಗೊಂದು ಪ್ರೋಗ್ರಾಮು, ಉದ್ದ ಸಾಲಿಗೊಂದು ಫೈಲು. ಕೋಷ್ಟಕವನ್ನು ಉದ್ದಕ್ಕೆ ಸೀಳಿ ಆಯಾ ಫೈಲಿಗೆ ಕಟ್ಟಿದರೆ ಪಟ್ಟಿ. ಅಡ್ಡಕ್ಕೆ ಸೀಳಿ ಆಯಾ ಪ್ರೋಗ್ರಾಮಿನ ಕೈಗೆ ಕೊಟ್ಟರೆ ಕೇಪಬಿಲಿಟಿ. ಕಾಗದದ ಮೇಲೆ ಎರಡರಲ್ಲೂ ಒಂದೇ ಮಾಹಿತಿ. ಹಾಗಾಗಿ ಎರಡೂ ಒಂದೇ ಎಂದು ಹೇಳುವ ಪಂಡಿತರು ಇಂದಿಗೂ ಸಿಗುತ್ತಾರೆ. ಕಾಗದದ ಮೇಲೆ ನಮ್ಮ ಎಲ್ಲ ರಸ್ತೆಗಳಿಗೂ ಡಾಂಬರು ಬಿದ್ದಿದೆ.

ಕಾಗದ ಬಿಟ್ಟು ನೆಲಕ್ಕಿಳಿದಾಗ ಏನಾಗುತ್ತದೆ ಎಂಬುದನ್ನು ನಾರ್ಮ್ ಹಾರ್ಡಿ 1988ರಲ್ಲಿ ಒಂದು ಪುಟ್ಟ ಲೇಖನದಲ್ಲಿ ಹೇಳಿದರು. ಅಮೆರಿಕದ ಟೈಮ್‌ಷೇರ್ ಎಂಬ ಕಂಪನಿಯಲ್ಲಿ ಅದಕ್ಕೂ ಸುಮಾರು 11 ವರ್ಷ ಮೊದಲು ನಡೆದ ಸಂಗತಿ. ಕಂಪನಿಯ ಕಸುಬು ಕಂಪ್ಯೂಟರ್ ಸಮಯವನ್ನು ಬಾಡಿಗೆಗೆ ಕೊಡುವುದು. ಅಲ್ಲೊಂದು ಫೋರ್ಟ್ರಾನ್ ಕಂಪೈಲರ್, ಹೆಸರು `FORT`, ವಾಸ `SYSX` ಎಂಬ ಡೈರೆಕ್ಟರಿಯಲ್ಲಿ. ಯಾರು ಏನೇನು ಬಳಸಿದರು ಎಂಬ ಲೆಕ್ಕವನ್ನು ಅದು `(SYSX)STAT` ಎಂಬ ಫೈಲಿಗೆ ಬರೆಯಬೇಕಿತ್ತು. ಅದಕ್ಕಾಗಿ ಕಂಪೈಲರಿಗೆ ತನ್ನ ಮನೆಯ, ಅಂದರೆ `SYSX` ಡೈರೆಕ್ಟರಿಯ ಫೈಲುಗಳಿಗೆ ಬರೆಯುವ ವಿಶೇಷ ಪರವಾನಗಿ ಕೊಟ್ಟರು. ಅದೇ ಮನೆಯ ಇನ್ನೊಂದು ಕೋಣೆಯಲ್ಲಿ `(SYSX)BILL` ಇತ್ತು. ಗ್ರಾಹಕರ ಬಾಕಿಯೆಲ್ಲ ಇದ್ದ ಬಿಲ್ಲಿಂಗ್ ಫೈಲು ಅದು.

ಈ ಕಂಪೈಲರಿನಲ್ಲಿ ಇನ್ನೊಂದು ಅನುಕೂಲವಿತ್ತು. ಡೀಬಗ್ ಮಾಹಿತಿಯನ್ನು ಯಾವ ಫೈಲಿಗೆ ಬರೆಯಬೇಕು ಎಂದು ಬಳಕೆದಾರನೇ ಹೆಸರು ಕೊಡಬಹುದಿತ್ತು. ಒಬ್ಬ ಮಹಾನುಭಾವ `(SYSX)BILL` ಎಂದು ಹೆಸರು ಕೊಟ್ಟ. ಬಳಕೆದಾರನಿಗೆ ಆ ಫೈಲನ್ನು ಮುಟ್ಟುವ ಅಧಿಕಾರ ಇರಲಿಲ್ಲ. ಆದರೆ ಕೇಳಿದ್ದು ಬಳಕೆದಾರ ಅಲ್ಲವಲ್ಲ, ಕಂಪೈಲರು. ಜವಾನ ಕೇಳಿದ, ಯಾರ ಕಡೆಯವರು? `SYSX` ಕಡೆಯವನು ಎಂದಿತು ಕಂಪೈಲರು. ಒಳಗೆ ಹೋಗಿ ವಿನಯದಿಂದ ಕಂಪನಿಯ ಬಾಕಿ ಲೆಕ್ಕದ ಮೇಲೆ ಡೀಬಗ್ ಮಾಹಿತಿಯನ್ನು ಬರೆದು ಬಂತು. ಬಿಲ್ಲೇ ಹೋಯಿತು.

ತನಿಖಾ ಸಮಿತಿ ಕೂತರೆ ಯಾರನ್ನು ಅಮಾನತು ಮಾಡುತ್ತೀರಿ? ಕಂಪೈಲರ್ ಬರೆದವನು ತಪ್ಪು ಮಾಡಲಿಲ್ಲ. ಅವನು ಬರೆಯುವಾಗ ಆ ಬಿಲ್ ಫೈಲಿನ ಕಲ್ಪನೆಯೂ ಅವನಿಗೆ ಇರಬೇಕಿಲ್ಲ. ಪರವಾನಗಿ ಕೊಟ್ಟವನು ತಪ್ಪು ಮಾಡಲಿಲ್ಲ. ಲೆಕ್ಕ ಬರೆಯಲು ಪರವಾನಗಿ ಬೇಕಿತ್ತು. ಕಂಪೈಲರ್ ವೈರಸ್ ತಗುಲಿ ಕೆಟ್ಟಿರಲಿಲ್ಲ, ಲಂಚ ತಿಂದಿರಲಿಲ್ಲ. ಅದಕ್ಕೆ ಇಬ್ಬರು ಯಜಮಾನರಿದ್ದರು, ಅಷ್ಟೇ. ಒಬ್ಬ ಯಜಮಾನ ಹೇಳಿದ ಕೆಲಸವನ್ನು ಇನ್ನೊಬ್ಬನ ಅಧಿಕಾರದಲ್ಲಿ ಮಾಡಿತು. ಯಾವ ಕೆಲಸಕ್ಕೆ ಯಾರ ಅಧಿಕಾರ ಬಳಸುತ್ತಿದ್ದೇನೆ ಎಂದು ಹೇಳಲು ಅದಕ್ಕೆ ಒಂದು ದಾರಿಯನ್ನೇ ಯಾರೂ ಕೊಟ್ಟಿರಲಿಲ್ಲ.

ಈಗ ಎಲ್ಲರಿಗೂ ಹೊಳೆಯುವ ಪರಿಹಾರವಿದೆ: ಬರೆಯುವ ಮುಂಚೆ ಬಳಕೆದಾರನಿಗೆ ಅನುಮತಿ ಇದೆಯೇ ಎಂದು ಕಂಪೈಲರೇ ಪರೀಕ್ಷಿಸಲಿ. ಸರಿ. ಆದರೆ `STAT` ಫೈಲಿಗೆ ಬಳಕೆದಾರನಿಗೆ ಅನುಮತಿ ಇಲ್ಲ, ಅಲ್ಲಿ ಪರೀಕ್ಷಿಸಬಾರದು. ಡೀಬಗ್ ಫೈಲಿಗೆ ಪರೀಕ್ಷಿಸಬೇಕು. ಹೀಗೆ ಪ್ರೋಗ್ರಾಮು ಫೈಲು ತೆರೆಯುವ ಪ್ರತಿ ಸಾಲಿನಲ್ಲೂ ಬರೆದವನು ನೆನಪಿಟ್ಟುಕೊಂಡು ಕೂರಬೇಕು. ನೂರರಲ್ಲಿ ಒಂದನ್ನು ಮರೆತರೆ ಆ ಒಂದೇ ಸಾಕು. ಮರೆಯದಿದ್ದರೂ ತೊಂದರೆ ತಪ್ಪುವುದಿಲ್ಲ. ಯುನಿಕ್ಸಿನಲ್ಲಿ ಪರೀಕ್ಷೆಗೆ `access()`, ತೆರೆಯಲು `open()`. ಇವೆರಡರ ನಡುವಿನ ಕೂದಲೆಳೆಯಷ್ಟು ಹೊತ್ತಿನಲ್ಲಿ ಅದೇ ಹೆಸರಿನ ಜಾಗದಲ್ಲಿ ಇನ್ನೊಂದು ಫೈಲಿಗೆ ಕೊಂಡಿ ಹಾಕುವ ಚತುರರಿದ್ದಾರೆ. ಹಾರ್ಡಿ ಹೇಳಿದ ದಾರಿ ಸರಳ. ಬಳಕೆದಾರ ಫೈಲಿನ ಹೆಸರನ್ನು ಕೊಡಬಾರದು. ಬರೆಯುವ ಹಕ್ಕಿನ ಸಮೇತ ಫೈಲನ್ನೇ ಕೊಡಬೇಕು. ಅವನ ಬಳಿ `BILL` ಫೈಲಿನ ಹಕ್ಕು ಇಲ್ಲ, ಆದ್ದರಿಂದ ಕೊಡಲು ಆಗುವುದೇ ಇಲ್ಲ. ಕಂಪೈಲರ್ ಪರೀಕ್ಷಿಸಬೇಕಾದದ್ದು ಏನೂ ಉಳಿಯುವುದಿಲ್ಲ.

ಇದು ಪ್ರಯೋಗಶಾಲೆಯ ಕನಸು ಎನ್ನುವವರು ತಮ್ಮ ಟರ್ಮಿನಲ್ಲಿನಲ್ಲೇ ಎರಡು ಸಾಲು ಬರೆದು ನೋಡಬಹುದು.

```
cp a.txt b.txt
cat < a.txt > b.txt
```

ಎರಡರ ಫಲವೂ ಒಂದೇ. ಮೊದಲನೆಯದರಲ್ಲಿ `cp` ಕೈಗೆ ಸಿಗುವುದು ಎರಡು ಹೆಸರು ಮಾತ್ರ. ಅವನ್ನು ತೆರೆಯಲು ಅದಕ್ಕೆ ನಿಮ್ಮ ಅಧಿಕಾರವೆಲ್ಲ ಬೇಕು, ಏಕೆಂದರೆ ಯಾವ ಹೆಸರು ಬರುತ್ತದೋ ಮುಂಚೆ ಗೊತ್ತಿಲ್ಲ. ಎರಡನೆಯದರಲ್ಲಿ ಫೈಲುಗಳನ್ನು ತೆರೆಯುವುದು ಶೆಲ್. `cat` ಹುಟ್ಟುವಾಗಲೇ ತೆರೆದ ಎರಡು ಫೈಲು ಅದರ ಕೈಯಲ್ಲಿರುತ್ತವೆ, ಒಂದು ಓದಲು, ಇನ್ನೊಂದು ಬರೆಯಲು. ಅವುಗಳ ಹೆಸರೇನೆಂದು ಕೂಡ ಅದಕ್ಕೆ ಗೊತ್ತಿಲ್ಲ. ಹೀಗೆ ತೆರೆದಿಟ್ಟ ಫೈಲಿನ ನಂಬರಿಗೆ ಫೈಲ್ ಡಿಸ್ಕ್ರಿಪ್ಟರ್ ಎನ್ನುತ್ತಾರೆ. ಪಟ್ಟಿ ನೋಡುವುದು ತೆರೆಯುವಾಗ ಒಂದು ಸಲ. ಆಮೇಲೆ ಡಿಸ್ಕ್ರಿಪ್ಟರ್ ಇದ್ದವನಿಗೆ ಕೆಲಸ ಆಗುತ್ತದೆ, ಯಾರ ಕಡೆಯವರು ಎಂದು ಮತ್ತೆ ಯಾರೂ ಕೇಳುವುದಿಲ್ಲ. ಅಂದರೆ ಪಟ್ಟಿಯ ಸಾಮ್ರಾಜ್ಯದ ಹೊಟ್ಟೆಯೊಳಗೇ ಒಂದು ಕೇಪಬಿಲಿಟಿ ಮೊದಲಿನಿಂದಲೂ ಕೂತಿದೆ. ಇಷ್ಟು ಸಾಕಾಗಿದ್ದ `cat` ಕೈಗೆ ನಾವು ನಿಮ್ಮ ಮನೆಯ ಉಳಿದ ಫೈಲುಗಳನ್ನೆಲ್ಲ ತೆರೆಯುವ ಅಧಿಕಾರವನ್ನೂ ತುರುಕಿ ಕಳಿಸುತ್ತೇವೆ. ಯಾಕೆ ಎಂದು ಕೇಳಬೇಡಿ. ಪದ್ಧತಿ.

ಆ ಹೆಚ್ಚುವರಿ ಅಧಿಕಾರವನ್ನು ಕಿತ್ತುಕೊಳ್ಳುವ ಉಪಾಯವೂ ಬಂದಿದೆ. ಫ್ರೀಬಿಎಸ್‌ಡಿಯಲ್ಲಿ ಕ್ಯಾಪ್ಸಿಕಂ ಎಂಬುದಿದೆ, 2010ರಲ್ಲಿ ಪ್ರಕಟವಾದದ್ದು. ದೊಣ್ಣೆಮೆಣಸಿನಕಾಯಿಗೂ ಇದಕ್ಕೂ ಹೆಸರಿನಾಚೆ ಸಂಬಂಧವಿಲ್ಲ. ಪ್ರೋಗ್ರಾಮು ತನಗೆ ಬೇಕಾದದ್ದನ್ನೆಲ್ಲ ತೆರೆದುಕೊಂಡು `cap_enter()` ಎಂದು ಕರೆದರೆ, ಆ ಕ್ಷಣದಿಂದ ಹೆಸರು ಹೇಳಿ ಹೊಸ ಫೈಲು ತೆರೆಯುವ ದಾರಿ ಅದಕ್ಕೆ ಮುಚ್ಚುತ್ತದೆ. ಕೈಯಲ್ಲಿರುವ ಡಿಸ್ಕ್ರಿಪ್ಟರುಗಳೇ ಅದರ ಪ್ರಪಂಚ. ವಾಪಸ್ ಬರುವ ದಾರಿ ಇಲ್ಲ.

ಪಟ್ಟಿಯ ಪರವಾಗಿಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಆಡಿಟರುಗಳು ಬೇಜಾರು ಮಾಡಿಕೊಳ್ಳುತ್ತಾರೆ. 'ಈ ಫೈಲನ್ನು ಯಾರ್‍ಯಾರು ಮುಟ್ಟಬಹುದು' ಎಂಬ ಪ್ರಶ್ನೆಗೆ ಪಟ್ಟಿ ಥಟ್ಟನೆ ಉತ್ತರ ಕೊಡುತ್ತದೆ. ಕೆಲಸ ಬಿಟ್ಟು ಹೋದವನ ಹೆಸರನ್ನು ಒಂದೇ ಗೀಟಿನಲ್ಲಿ ಹೊಡೆಯಬಹುದು. ಕೇಪಬಿಲಿಟಿಯನ್ನು ಪಡೆದವನು ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ ದಾಟಿಸಿದ್ದರೆ ಹಿಂದಕ್ಕೆ ಪಡೆಯಲು ಮೊದಲೇ ಯೋಚಿಸಿ ನಡುವೆ ಒಬ್ಬ ಮಧ್ಯವರ್ತಿಯನ್ನು ಇಟ್ಟಿರಬೇಕು. ಆದರೆ 'ಈ ಪ್ರೋಗ್ರಾಮು ಕೈತಪ್ಪಿದರೆ ಏನೇನು ಹೋಗುತ್ತದೆ' ಎಂದು ಕೇಳಿ ನೋಡಿ, ಪಟ್ಟಿಯ ಕಡೆಯವರು ಇಡೀ ಡಿಸ್ಕಿನ ಎಲ್ಲ ಫೈಲುಗಳ ಬೆನ್ನು ತಿರುಗಿಸಿ ಓದಬೇಕು. ದಾಳಿ ಆದ ರಾತ್ರಿ ಎಲ್ಲರೂ ಕೇಳುವುದು ಈ ಎರಡನೇ ಪ್ರಶ್ನೆಯನ್ನೇ.

ಆ ರಾತ್ರಿಯ ವಿಷಯಕ್ಕೆ ಬರೋಣ. ದೂರದ ಸರ್ವರಿಗೆ ಲಾಗಿನ್ ಆಗಲು ಪ್ರಪಂಚವೆಲ್ಲ ಬಳಸುವುದು ಓಪನ್ಎಸ್ಎಸ್ಎಚ್. ಅದರ ಸರ್ವರ್ `sshd` ರೂಟ್ ಆಗಿ ಓಡಬೇಕು, ಏಕೆಂದರೆ ಪಾಸ್‌ವರ್ಡ್ ಫೈಲನ್ನು ಅದು ಓದಬೇಕು, ಯಾರು ಲಾಗಿನ್ ಆದರೂ ಅವರ ವೇಷ ಹಾಕಬೇಕು. ಅದೇ `sshd` ಇಂಟರ್‌ನೆಟ್ಟಿನಲ್ಲಿ ಯಾವ ಊರಿನ ಯಾವ ಪೋಲಿ ಏನು ಕಳಿಸಿದರೂ ಬಿಚ್ಚಿ ಓದಬೇಕು. ಅತಿ ದೊಡ್ಡ ಅಧಿಕಾರ ಮತ್ತು ಅತಿ ಕೊಳಕು ಟಪಾಲು, ಎರಡೂ ಒಬ್ಬನ ಮೇಜಿನ ಮೇಲೆ. 2002ರಲ್ಲಿ ನೀಲ್ಸ್ ಪ್ರೊವೋಸ್ ಈ ಮೇಜನ್ನು ಎರಡು ಮಾಡಿದರು. ಇದಕ್ಕೆ ಪ್ರಿವಿಲೇಜ್ ಸೆಪರೇಷನ್ ಎಂದು ಹೆಸರು.

ಈಗ ಒಂದು ಸಂಪರ್ಕ ಬಂದರೆ ಎರಡು ಪ್ರೋಸೆಸ್ ಏಳುತ್ತವೆ. ಒಂದು ಮಾನಿಟರ್: ರೂಟ್ ಅಧಿಕಾರ ಇದರದ್ದು, ಆದರೆ ನೆಟ್‌ವರ್ಕಿನ ಟಪಾಲನ್ನು ಬಿಚ್ಚುವ ಕೆಲಸ ಇದರದ್ದಲ್ಲ. ಇನ್ನೊಂದು ಮಗು: ಟಪಾಲು ಬಿಚ್ಚುವುದು, ಗೂಢಲಿಪಿಯ ಮಾತುಕತೆ ಎಲ್ಲ ಇದರ ಕೆಲಸ, ಆದರೆ ಇದಕ್ಕೆ ಯಾವ ಅಧಿಕಾರವೂ ಇಲ್ಲ. `sshd` ಎಂಬ ಹೆಸರಿನ, ಒಂದು ಫೈಲೂ ಸ್ವಂತಕ್ಕಿಲ್ಲದ ಬಡ ಬಳಕೆದಾರನಾಗಿ ಇದು ಓಡುತ್ತದೆ. ಇದರ ಕಣ್ಣಿಗೆ ಇಡೀ ಡಿಸ್ಕ್ ಎಂದರೆ `/var/empty` ಎಂಬ ಖಾಲಿ ಡೈರೆಕ್ಟರಿ. ಅದರಲ್ಲಿ ಬರೆಯಲು ಕೂಡ ಅನುಮತಿ ಇಲ್ಲ. ಸರ್ವರಿನ ಗುಪ್ತ ಕೀಲಿ ಮಾನಿಟರ್ ಬಳಿಯೇ ಇರುತ್ತದೆ. ಮಗುವಿಗೆ ಸಹಿ ಬೇಕಾದರೆ ಇಬ್ಬರ ನಡುವಿನ ಒಂದು ಕೊಳವೆಯಲ್ಲಿ ಚೀಟಿ ಕಳಿಸಬೇಕು.

ಮಾನಿಟರಿನ ಸ್ವಭಾವ ನನಗೆ ಬಹಳ ಇಷ್ಟ. ಯಾವ ಹಂತದಲ್ಲಿ ಯಾವ ಚೀಟಿ ಬರಬಹುದು ಎಂಬ ಗಿಡ್ಡ ಪಟ್ಟಿ ಅದರ ಬಳಿ ಇದೆ. ಕೀಲಿ ವಿನಿಮಯದ ಹಂತದಲ್ಲಿ ಸಹಿ ಕೇಳಬಹುದು, ಆದ ಮೇಲೆ ಲಾಗಿನ್ ಆಗುವವರೆಗೆ ಮತ್ತೆ ಕೇಳುವಂತಿಲ್ಲ. 'ಈ ಪಾಸ್‌ವರ್ಡ್ ಸರಿಯೇ' ಎಂದು ಕೇಳಬಹುದು, ಆದರೆ 'ಸರಿಯಾಗಿತ್ತು, ನಾನೇ ನೋಡಿದೆ' ಎಂದು ಮಗು ಹೇಳಿದರೆ ಮಾನಿಟರ್ ನಂಬುವುದಿಲ್ಲ, ತಾನೇ ನೋಡಿದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತದೆ. ಹಂತ ತಪ್ಪಿದ ಚೀಟಿ ಒಂದೇ ಒಂದು ಬಂದರೂ ನೋಟಿಸ್ ಇಲ್ಲ, ವಿವರಣೆ ಕೇಳುವುದಿಲ್ಲ. ಸಂಪರ್ಕವನ್ನೇ ಕೊಂದು ತಾನೂ ಮುಗಿಯುತ್ತದೆ. ಲಾಗಿನ್ ಆದ ಮೇಲೆ ಟರ್ಮಿನಲ್ ಬೇಕೆಂದು ಕೇಳಿದರೆ ಮಾನಿಟರ್ ತಾನೇ ಟರ್ಮಿನಲ್ ತೆರೆದು, ಅದರ ಡಿಸ್ಕ್ರಿಪ್ಟರನ್ನು ಆ ಕೊಳವೆಯಲ್ಲಿ ದಾಟಿಸುತ್ತದೆ. ಮುಂಚೆ ಹೇಳಿದ ಅದೇ ಕೇಪಬಿಲಿಟಿಯ ಚೀಟಿ. ತೆರೆಯುವ ಅಧಿಕಾರ ಕೊಡಲಿಲ್ಲ, ತೆರೆದ ಒಂದನ್ನು ಮಾತ್ರ ಕೊಟ್ಟಿತು.

ಯಾರಾದರೂ ಪಾಸ್‌ವರ್ಡ್ ಹಾಕುವ ಮುಂಚಿನ ಗಳಿಗೆಯಲ್ಲಿ ನಿಮ್ಮ ಸರ್ವರಿನಲ್ಲಿ `ps -ef` ಕೊಟ್ಟರೆ ಇಬ್ಬರೂ ಕಾಣಿಸುತ್ತಾರೆ. ಹೊಸ ಆವೃತ್ತಿಗಳಲ್ಲಿ ಹೆಸರು ಸ್ವಲ್ಪ ಬದಲಾಗಿದೆ, ಸಂಸಾರ ಅದೇ.

```
root   sshd: guest [priv]
sshd   sshd: guest [net]
```

2002ರ ಜೂನಿನಲ್ಲಿ ಇದರ ಪರೀಕ್ಷೆ ಆಯಿತು. ಓಪನ್‌ಬಿಎಸ್‌ಡಿಯ ಥಿಯೋ ಡಿ ರಾಡ್ಟ್, ಓಪನ್ಎಸ್ಎಸ್ಎಚ್‌ನಲ್ಲಿ ಒಂದು ದೊಡ್ಡ ತೂತಿದೆ, ಏನೆಂದು ಈಗ ಹೇಳುವುದಿಲ್ಲ, ಎಲ್ಲರೂ 3.3ಕ್ಕೆ ಬಂದು ಪ್ರಿವಿಲೇಜ್ ಸೆಪರೇಷನ್ ಹಾಕಿಕೊಳ್ಳಿ ಎಂದು ಘೋಷಿಸಿದರು. 3.3ರಲ್ಲಿ ಆ ತೂತು ಮುಚ್ಚಿರಲೂ ಇಲ್ಲ. ರೋಗ ಹೇಳದೆ, ವಾಸಿಯನ್ನೂ ಮಾಡದೆ ಔಷಧ ನುಂಗಿ ಎಂದ ವೈದ್ಯನನ್ನು ನಮ್ಮಲ್ಲಾದರೆ ಆಸ್ಪತ್ರೆಯಲ್ಲೇ ಮುತ್ತಿಗೆ ಹಾಕುತ್ತಿದ್ದರು. ಅಲ್ಲೂ ಸಾಕಷ್ಟು ಬೈದರು. ಎರಡು ದಿನದಲ್ಲಿ ವಿವರ ಹೊರಬಂತು, 3.4 ಬಂತು. ತೂತು ಇದ್ದದ್ದು ಇಲ್ಲಿ:

```
nresp = packet_get_int();
response = xmalloc(nresp * sizeof(char*));
for (i = 0; i < nresp; i++)
    response[i] = packet_get_string(NULL);
```

ಎಷ್ಟು ಉತ್ತರ ಕಳಿಸುತ್ತೇನೆ ಎಂದು ಹೊರಗಿನವನೇ ಹೇಳುತ್ತಾನೆ, ಸರ್ವರ್ ಒಂದೊಂದಕ್ಕೆ 4 ಬೈಟ್‌ನಂತೆ ಜಾಗ ಕಾದಿರಿಸುತ್ತದೆ. 32 ಬಿಟ್ಟಿನ ಯಂತ್ರದಲ್ಲಿ ಹೊರಗಿನವನು 1,07,37,41,825 ಎಂದ ಎನ್ನಿ. ಅದನ್ನು ನಾಲ್ಕರಿಂದ ಗುಣಿಸಿದರೆ 4,29,49,67,300. ಆ ಯಂತ್ರದ ಎಣಿಕೆ 4,29,49,67,295ಕ್ಕೆ ಮುಗಿದು ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ, ಉಳಿಯುವುದು 4. ನೂರು ಕೋಟಿ ಮಿಕ್ಕಿದ ನೆಂಟರಿಗೆ ಒಂದೇ ಕುರ್ಚಿ. ಎರಡನೆಯವನಿಂದ ಎಲ್ಲರೂ ಪಕ್ಕದ ಮನೆಯ ಜಾಗದಲ್ಲಿ ಕೂರುತ್ತಾರೆ, ಪಕ್ಕದ ಮೆಮೊರಿ ಕೆಡುತ್ತದೆ, ಪ್ರೋಗ್ರಾಮಿನ ಲಗಾಮು ಹೊರಗಿನವನ ಕೈಗೆ ಹೋಗುತ್ತದೆ. ಲಾಗಿನ್ ಕೂಡ ಆಗದವನಿಗೆ ರೂಟ್ ಪಟ್ಟ. 'ಡೀಫಾಲ್ಟ್ ಇನ್‌ಸ್ಟಾಲಿನಲ್ಲಿ ಐದು ವರ್ಷದಿಂದ ದೂರದಿಂದ ನುಗ್ಗುವ ಒಂದು ತೂತೂ ಇಲ್ಲ' ಎಂದು ಓಪನ್‌ಬಿಎಸ್‌ಡಿ ಹಾಕಿಕೊಂಡಿದ್ದ ಬೋರ್ಡನ್ನು ತಿದ್ದಿ 'ಒಂದು' ಎಂದು ಬರೆಯಬೇಕಾಯಿತು.

ಪ್ರಿವಿಲೇಜ್ ಸೆಪರೇಷನ್ ಹಾಕಿಕೊಂಡವರ ಸರ್ವರಿನಲ್ಲೂ ತೂತು ಅಷ್ಟೇ ದೊಡ್ಡದು. ಆದರೆ ಈ ಸಾಲುಗಳು ಓಡುತ್ತಿದ್ದದ್ದು ಮಗುವಿನೊಳಗೆ. ನುಗ್ಗಿದವನು ಎಲ್ಲ ಸಾಹಸ ಮಾಡಿ ಒಳಗೆ ಬಿದ್ದು ಕಣ್ಣು ಬಿಟ್ಟರೆ `/var/empty`. ಓದಲು ಫೈಲಿಲ್ಲ, ಬರೆಯಲು ಜಾಗವಿಲ್ಲ, ಓಡಿಸಲು ಶೆಲ್ ಇಲ್ಲ. ಮಾನಿಟರಿಗೆ ಚೀಟಿ ಕಳಿಸಬಹುದು. ಆ ಚೀಟಿಗಳು ಯಾವುವು ಎಂದು ಆಗಲೇ ನೋಡಿದ್ದೇವೆ. ಬಗ್ ಇಲ್ಲದ ಪ್ರೋಗ್ರಾಮು ಬರೆಯುವ ಶಪಥವನ್ನು ಇಲ್ಲಿ ಯಾರೂ ಮಾಡಲಿಲ್ಲ. ಬಗ್ ಯಾರ ಮನೆಯಲ್ಲಿ ಇರಬೇಕು ಎಂದು ತೀರ್ಮಾನಿಸಿದರು.

ಹಾಗೆಂದು ಆರತಿ ಎತ್ತುವ ಅಗತ್ಯವಿಲ್ಲ. ಮಗು ಮಾತಾಡುವುದು ಅದೇ ಕರ್ನಲ್ ಜೊತೆ. ಕರ್ನಲ್‌ನಲ್ಲೇ ಬಗ್ ಇದ್ದರೆ ಅಲ್ಲಿಂದ ಮೇಲೆ ಹತ್ತಬಹುದು. ಅದಕ್ಕಾಗಿ ಮುಂದೆ ಮಗು ಯಾವ ಸಿಸ್ಟಂ ಕರೆಗಳನ್ನು ಮಾಡಬಹುದು ಎಂಬುದಕ್ಕೂ ಬೇಲಿ ಹಾಕಿದರು. ಗೋಡೆ ಕಾಪಾಡುವುದು ಗೋಡೆಯ ಆಚೆ ಇರುವ ಕೋಡಿನಿಂದ ಮಾತ್ರ. 2024ರ ಜುಲೈನಲ್ಲಿ ಕ್ವಾಲಿಸ್ ಸಂಸ್ಥೆ ತೋರಿಸಿದ 'ರಿಗ್ರೆಶನ್' ದೋಷ ಇದಕ್ಕೆ ಸಾಕ್ಷಿ. ಲಾಗಿನ್ ಆಗಲು ಕೊಟ್ಟ 120 ಸೆಕೆಂಡ್ ಮುಗಿದಾಗ `sshd` ಒಳಗೆ ಒಂದು ಗಂಟೆ ಹೊಡೆಯುತ್ತದೆ. ಮೆಮೊರಿ ಜೋಡಿಸುವ ಕೆಲಸ ಅರ್ಧದಲ್ಲಿರುವಾಗಲೇ ಗಂಟೆ ಹೊಡೆದು, ಲಾಗ್ ಬರೆಯಲು ಮತ್ತೆ ಮೆಮೊರಿಗೇ ಕೈಹಾಕಿದರೆ ಎಲ್ಲ ಕಲಸುಮೇಲೋಗರ. 32 ಬಿಟ್ಟಿನ ಲಿನಕ್ಸ್‌ನಲ್ಲಿ ಸರಾಸರಿ 10,000 ಪ್ರಯತ್ನಕ್ಕೆ ಒಂದು ಸಲ ಈ ಓಟ ಗೆಲ್ಲಬಹುದು ಎಂದು ಅವರು ಲೆಕ್ಕ ಕೊಟ್ಟರು. ಆ ಗಂಟೆ ಇದ್ದದ್ದು ಅಧಿಕಾರವಿರುವ ಭಾಗದಲ್ಲಿ, ಆದ್ದರಿಂದ ಗೆದ್ದವನಿಗೆ ಸಿಗುವುದು ನೇರ ರೂಟ್. ತಮಾಷೆಯೆಂದರೆ ಇದು 2006ರಲ್ಲೇ ಮುಚ್ಚಿದ್ದ ತೂತು. 2020ರಲ್ಲಿ ಯಾರೋ ಕೋಡು ಚೊಕ್ಕಟ ಮಾಡುವಾಗ ಬೆಣೆಯನ್ನು ಕಸವೆಂದು ತೆಗೆದುಬಿಟ್ಟಿದ್ದರು.

ಇಷ್ಟೆಲ್ಲ ಓದಿಕೊಂಡ ಗತ್ತಿನಲ್ಲಿ ನಾನು ಈಚೆಗೆ ಹಾಜರಾತಿಯ ಸಾಫ್ಟ್‌ವೇರ್ ಹಾಕಲು ಬಂದ ಹುಡುಗನ ಎದುರು ಕೂತಿದ್ದೆ. ಯಾವ ಕಂಪನಿ ಎಂದು ಹೇಳುವುದಿಲ್ಲ, ಎಲ್ಲ ಕಂಪನಿಗಳ ಹುಡುಗರೂ ಒಂದೇ ಶಾಲೆಯಲ್ಲಿ ಓದಿರುತ್ತಾರೆ.

"ಸರ್, ರೂಟ್ ಪಾಸ್‌ವರ್ಡ್ ಹೇಳಿ ಸರ್. ನಮ್ಮ ಸರ್ವಿಸ್ ರೂಟ್‌ನಲ್ಲೇ ಓಡ್ಬೇಕು."

"ಯಾಕಪ್ಪಾ? ಯಾರು ಎಷ್ಟು ಗಂಟೆಗೆ ಬಂದರು ಅಂತ ಬರೆಯೋಕೆ ರೂಟ್ ಬೇಕಾ?"

"ಪೋರ್ಟ್ 80 ಸರ್. 1024ಕ್ಕಿಂತ ಕೆಳಗಿನ ಪೋರ್ಟ್ ತೆರೆಯೋಕೆ ರೂಟ್ ಬೇಕೇ ಬೇಕು."

ನಿಜ, ಪೋರ್ಟ್ ತೆರೆಯುವ ಆ ಒಂದು ಗಳಿಗೆಗೆ ಬೇಕು. ಅದಕ್ಕಾಗಿ ವರ್ಷವಿಡೀ ರೂಟ್ ಆಗಿ ಓಡಬೇಕಿಲ್ಲ. ಪೋರ್ಟನ್ನು `systemd` ತೆರೆದು, ತೆರೆದ ಡಿಸ್ಕ್ರಿಪ್ಟರನ್ನು 3ನೇ ನಂಬರಿನಲ್ಲಿ ನಿನ್ನ ಪ್ರೋಗ್ರಾಮಿನ ಕೈಗೆ ಕೊಡುತ್ತದೆ. ಪ್ರೋಗ್ರಾಮು ಬಡ ಬಳಕೆದಾರನಾಗಿಯೇ ಹುಟ್ಟಿ ಬಡವನಾಗಿಯೇ ಓಡಬಹುದು, ಯೂನಿಟ್ ಫೈಲಿನಲ್ಲಿ `User=` ಎಂಬ ಒಂದು ಸಾಲು ಸಾಕು, ನಿನ್ನ ಕೋಡಿನಲ್ಲಿ ಆ ಡಿಸ್ಕ್ರಿಪ್ಟರ್ ಎತ್ತಿಕೊಳ್ಳಲು ನಾಲ್ಕು ಸಾಲು ಎಂದು ವಿವರಿಸಿದೆ. ಹುಡುಗ ಪೂರ್ತಿ ಕೇಳಿಸಿಕೊಂಡ, ಒಳ್ಳೆಯ ಹುಡುಗ.

"ಸೂಪರ್ ಸರ್. ನೆಕ್ಸ್ಟ್ ವರ್ಷನ್‌ನಲ್ಲಿ ಮಾಡಿಸ್ತೀವಿ. ಈಗ ಸದ್ಯಕ್ಕೆ ರೂಟ್‌ನಲ್ಲಿ ಓಡಿಸಿ, ಫೋಲ್ಡರ್‌ಗೆ ಒಂದು `chmod -R 777` ಹೊಡೆದುಬಿಡ್ತೀನಿ. ಆಮೇಲೆ ಸರಿ ಮಾಡೋಣ."

"ಆಮೇಲೆ ಅಂದರೆ ಯಾವಾಗ?"

"ಆಡಿಟ್‌ಗೆ ಮುಂಚೆ ಫೋನ್ ಮಾಡಿ ಸರ್. ಬಂದು 755 ಮಾಡಿ, ಅವರು ಹೋದ ಮೇಲೆ ವಾಪಸ್ ಹಾಕಿ ಕೊಡ್ತೀವಿ."